ಪರೀಕ್ಷೆ ಭಾನುವಾರ, ರಜೆ ಶನಿವಾರ ಮತ್ತು ಸೋಮವಾರ: ಶಾಲೆಗೆ ಪತ್ರ ಬರೆಯುವುದು ಹೇಗೆ

ನನ್ನ ಮಗ ಕೊಪ್ಪದ ಕಡೆಯ ಒಂದು ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಗ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆ ಬರೆದ. 2026ರ ಜನವರಿ 18, ಭಾನುವಾರ ಪರೀಕ್ಷೆ ಇತ್ತು. ಅರ್ಜಿ ಹಾಕುವಾಗ ಹತ್ತಿರದ ಊರನ್ನೇ ಮೊದಲು ಕೇಳಿದ್ದೆವು. ಸಿಕ್ಕಿದ್ದು ಬೆಂಗಳೂರು. ನಮ್ಮೂರಿಂದ ಬಸ್ಸಿನಲ್ಲಿ ಸುಮಾರು ಎಂಟು ಗಂಟೆ ದಾರಿ.

ಶಾಲೆಗೆ ರಜೆ ಕೇಳಲು ಹೋದಾಗ ಮುಖ್ಯ ಶಿಕ್ಷಕರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಪರೀಕ್ಷೆ ಭಾನುವಾರ ಅಲ್ವಾ? ಶಾಲೆಗೆ ರಜೆ ಯಾಕಮ್ಮ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಬೇರೆ ಊರಿನಲ್ಲಿ ಪರೀಕ್ಷೆ ಬರೆಯುವ ಮಗುವಿಗಾಗಿ ಬರೆಯುವ ಪತ್ರ ಉತ್ತರ ಕೊಡಬೇಕಾಗಿರುವುದು ಈ ಪ್ರಶ್ನೆಗೇ. ಪರೀಕ್ಷೆ ಇದೆ ಎನ್ನುವುದನ್ನು ಅಡ್ಮಿಟ್ ಕಾರ್ಡ್ ಹೇಳುತ್ತದೆ. ಹಿಂದಿನ ದಿನ ಯಾಕೆ ಹೊರಡಬೇಕು, ಮಾರನೇ ದಿನ ಯಾಕೆ ಬರಲು ಆಗುವುದಿಲ್ಲ ಎನ್ನುವುದನ್ನು ನೀವು ಹೇಳಬೇಕು. ಅದನ್ನು ಹೇಳದ ಪತ್ರ ಎಷ್ಟು ಉದ್ದ ಇದ್ದರೂ ಕೆಲಸಕ್ಕೆ ಬರುವುದಿಲ್ಲ.

ಮೊದಲು ಗಂಟೆಗಳ ಲೆಕ್ಕ ಹಾಕಿ

ಪೆನ್ನು ಹಿಡಿಯುವ ಮುಂಚೆ ಒಂದು ಹಾಳೆಯಲ್ಲಿ ಪ್ರಯಾಣದ ಲೆಕ್ಕ ಬರೆಯಿರಿ. ನಾವು ಮಾಡಿದ್ದನ್ನೇ ಹೇಳುತ್ತೇನೆ.

ಆರನೇ ತರಗತಿ ಪ್ರವೇಶಕ್ಕೆ ಸೈನಿಕ ಶಾಲೆ ಪರೀಕ್ಷೆ ಮಧ್ಯಾಹ್ನ 2 ಗಂಟೆಗೆ ಶುರುವಾಗಿ 4.30ಕ್ಕೆ ಮುಗಿಯುತ್ತದೆ. ಒಂಬತ್ತನೇ ತರಗತಿಗೆ ಬರೆಯುವವರಿಗೆ 5 ಗಂಟೆವರೆಗೆ ಇರುತ್ತದೆ. ಆದರೆ ಮಗು 2 ಗಂಟೆಗೆ ಹೋದರೆ ಸಾಲದು. ಎಷ್ಟು ಗಂಟೆಗೆ ಬಂದು ಸೇರಬೇಕು, ಗೇಟ್ ಯಾವಾಗ ಮುಚ್ಚುತ್ತಾರೆ ಎಂದು ಅಡ್ಮಿಟ್ ಕಾರ್ಡಿನಲ್ಲಿ ಬೇರೆಯಾಗಿ ಬರೆದಿರುತ್ತಾರೆ. ನೀವು ಲೆಕ್ಕ ಶುರು ಮಾಡಬೇಕಾದದ್ದು ಆ ಹೊತ್ತಿನಿಂದ.

ಶನಿವಾರ ರಾತ್ರಿ ಬಸ್ಸಿಗೆ ಹೊರಟರೆ ಭಾನುವಾರ ಬೆಳಗ್ಗೆ ಬೆಂಗಳೂರು ಸೇರಬಹುದು. ಹಾಗೆ ಮಾಡಿದರೆ ಶನಿವಾರದ ರಜೆಯೇ ಬೇಡ. ಆದರೆ ನನ್ನ ಮಗನಿಗೆ ನಮ್ಮ ಕಡೆಯ ತಿರುವು ರಸ್ತೆಯಲ್ಲಿ ವಾಂತಿ ಆಗುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ಹತ್ತು ವರ್ಷದ ಮಗು ನಿದ್ದೆಗೆಟ್ಟು, ಹೊಟ್ಟೆ ಕೆಟ್ಟು, ಅದೇ ಮಧ್ಯಾಹ್ನ 125 ಪ್ರಶ್ನೆಗಳ ಮುಂದೆ ಕೂರಬೇಕು. ಅದು ನಮಗೆ ಒಪ್ಪಲಿಲ್ಲ.

ಇನ್ನೊಂದು ದಾರಿ ಇತ್ತು. ಶನಿವಾರ ಶಾಲೆ ಬೆಳಗ್ಗೆ ಮಾತ್ರ. ಅದನ್ನು ಮುಗಿಸಿಕೊಂಡು ಮಧ್ಯಾಹ್ನದ ಬಸ್ಸು ಹಿಡಿಯಬಹುದು. ಹಾಗೆ ಮಾಡಿದರೆ ಬೆಂಗಳೂರು ಮುಟ್ಟುವುದು ರಾತ್ರಿ 9 ಅಥವಾ 10 ಗಂಟೆಗೆ. ಅಲ್ಲಿಂದ ನೆಂಟರ ಮನೆ ಹುಡುಕಿಕೊಂಡು ಹೋಗಬೇಕು. ಬಸ್ಸು ದಾರಿಯಲ್ಲಿ ಕೆಟ್ಟರೆ ಅರ್ಧರಾತ್ರಿ. ಇದನ್ನೂ ಬಿಟ್ಟೆವು. ಶನಿವಾರ ಬೆಳಗ್ಗೆ 8ಕ್ಕೆ ಹೊರಟು ಸಂಜೆ ಬೆಳಕಿರುವಾಗಲೇ ಸೇರುವುದು ಎಂದು ತೀರ್ಮಾನ ಮಾಡಿದೆವು. ಭಾನುವಾರ ಬೆಳಗ್ಗೆ ಪರೀಕ್ಷಾ ಕೇಂದ್ರ ಎಲ್ಲಿದೆ ಎಂದು ನೋಡಿಕೊಳ್ಳಲೂ ಸಮಯ ಸಿಕ್ಕಿತು.

ಮರಳುವಾಗ ಲೆಕ್ಕ ಇನ್ನೂ ಸುಲಭ. ಪರೀಕ್ಷೆ 4.30ಕ್ಕೆ ಮುಗಿದರೂ ಮಕ್ಕಳನ್ನು ಹೊರಗೆ ಬಿಡುವ ಹೊತ್ತಿಗೆ 5 ಗಂಟೆ. ಆಗಲೇ ಹೊರಟರೂ ಮನೆ ಸೇರುವುದು ರಾತ್ರಿ ಒಂದು ಗಂಟೆಯ ಮೇಲೆ. ರಾತ್ರಿ ಬಸ್ಸು ಹಿಡಿದರೆ ಸೋಮವಾರ ಬೆಳಗ್ಗೆ 6 ಗಂಟೆ. ಎರಡರಲ್ಲಿ ಯಾವುದಾದರೂ ಸರಿ, ಸೋಮವಾರ ಬೆಳಗ್ಗೆ ಮಗು ಪ್ರಾರ್ಥನೆಗೆ ನಿಲ್ಲುವ ಸ್ಥಿತಿಯಲ್ಲಿ ಇರುವುದಿಲ್ಲ.

ಹೀಗೆ ನಮಗೆ ಬೇಕಾದದ್ದು ಶನಿವಾರ ಅರ್ಧ ದಿನ, ಸೋಮವಾರ ಒಂದು ದಿನ. ಅದಕ್ಕಿಂತ ಒಂದು ದಿನವೂ ಜಾಸ್ತಿ ಕೇಳಲಿಲ್ಲ. "ಹೇಗೂ ಹೋಗುತ್ತಿದ್ದೇವೆ, ಎರಡು ದಿನ ಊರು ನೋಡಿಕೊಂಡು ಬರೋಣ" ಎಂದು ಮನೆಯಲ್ಲಿ ಮಾತು ಬಂತು. ನಾನು ಒಪ್ಪಲಿಲ್ಲ. ಪರೀಕ್ಷೆಯ ಹೆಸರಿನಲ್ಲಿ ನಾಲ್ಕು ದಿನ ಕೇಳಿದರೆ ಶಾಲೆಯವರು ಮೊದಲು ಅನುಮಾನ ಪಡುವುದು ಪರೀಕ್ಷೆಯ ಬಗ್ಗೆಯೇ. ಊರು ನೋಡಲೇಬೇಕಿದ್ದರೆ ಆ ದಿನಗಳ ರಜೆಯನ್ನು ಬೇರೆಯಾಗಿ, ಬೇರೆ ಕಾರಣ ಹೇಳಿ ಕೇಳಿ.

ಯಾವಾಗ ಕೊಡಬೇಕು

ಇಲ್ಲಿ ತುಂಬಾ ಜನ ಎಡವುತ್ತಾರೆ. ಅಡ್ಮಿಟ್ ಕಾರ್ಡ್ ಬರಲಿ, ಆಮೇಲೆ ಪತ್ರ ಕೊಡೋಣ ಎಂದು ಕಾಯುತ್ತಾರೆ. ಈ ಪರೀಕ್ಷೆ ನಡೆಸುವುದು ಎನ್‌ಟಿಎ ಎಂಬ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. ಅವರು ಮೊದಲು ಪರೀಕ್ಷೆಯ ಊರು ಯಾವುದು ಎಂದು ಮಾತ್ರ ತಿಳಿಸುತ್ತಾರೆ. ಅದನ್ನು ಸಿಟಿ ಸ್ಲಿಪ್ ಎನ್ನುತ್ತಾರೆ. ಕೇಂದ್ರದ ಹೆಸರು, ವಿಳಾಸ ಇರುವ ಅಡ್ಮಿಟ್ ಕಾರ್ಡ್ ಬರುವುದು ಅದಾದ ಮೇಲೆ, ಪರೀಕ್ಷೆಗೆ ಕೆಲವೇ ದಿನ ಇರುವಾಗ. ಜನವರಿಯಲ್ಲಿ ಸಂಕ್ರಾಂತಿ ರಜೆಯೂ ನಡುವೆ ಬರುತ್ತದೆ. ಅಡ್ಮಿಟ್ ಕಾರ್ಡಿಗೆ ಕಾಯುತ್ತಾ ಕೂತರೆ ಶುಕ್ರವಾರ ಸಂಜೆ ಬೆಲ್ ಹೊಡೆಯುವ ಹೊತ್ತಿಗೆ ಪತ್ರ ಹಿಡಿದು ಓಡಬೇಕಾಗುತ್ತದೆ.

ಅದಕ್ಕೇ ಮೂರು ಸಲ ಹೇಳುವುದು ಒಳ್ಳೆಯದು ಎಂದು ನನ್ನ ಅನುಭವ. ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದ ದಿನವೇ ತರಗತಿ ಶಿಕ್ಷಕಿಗೆ ಬಾಯಿ ಮಾತಲ್ಲಿ ಹೇಳಿದೆ. ಊರು ಬೆಂಗಳೂರು ಎಂದು ಗೊತ್ತಾದ ಮೇಲೆ, ಪರೀಕ್ಷೆಗೆ ಹತ್ತು ದಿನ ಇರುವಾಗ, ಪತ್ರ ಕೊಟ್ಟೆ. ಅಡ್ಮಿಟ್ ಕಾರ್ಡ್ ಬಂದಾಗ ಅದರ ನಕಲು ತೆಗೆದುಕೊಂಡು ಹೋಗಿ ಆ ಪತ್ರಕ್ಕೇ ಪಿನ್ ಮಾಡಿಸಿದೆ. ಮೊದಲ ಸಲ ಬಾಯಲ್ಲಿ ಹೇಳಿದ್ದು ದೊಡ್ಡ ಉಪಕಾರ ಆಯಿತು. ತಪ್ಪುವ ಕಿರುಪರೀಕ್ಷೆಯನ್ನು ಬೇರೆ ದಿನ ಬರೆಸುವ ಮಾತು ಬಂದಾಗ ಶಿಕ್ಷಕಿಗೆ ನಮ್ಮ ವಿಷಯ ನೆನಪಿತ್ತು.

ಹೋದ ವರ್ಷ ಯಾರೋ ಬರೆದ ಪತ್ರವನ್ನು ನೋಡಿ ತಾರೀಕು ಹಾಕಬೇಡಿ. ಈ ಪರೀಕ್ಷೆ 2024ರಲ್ಲಿ ಜನವರಿ 28, ಭಾನುವಾರ ನಡೆಯಿತು. 2025ರಲ್ಲಿ ಏಪ್ರಿಲ್ 5, ಶನಿವಾರ ಬಂತು. ವಾರ ಬದಲಾದರೆ ಬೇಕಾದ ರಜೆಯೂ ಬದಲಾಗುತ್ತದೆ. ಶನಿವಾರ ಪರೀಕ್ಷೆ ಇದ್ದರೆ ಹೊರಡುವುದು ಶುಕ್ರವಾರ. ಭಾನುವಾರ ಊರಿಗೆ ಬಂದು ಸೋಮವಾರ ಶಾಲೆಗೆ ಹೋಗಬಹುದು.

ಯಾರಿಗೆ, ಯಾರ ಹೆಸರಲ್ಲಿ

ಪತ್ರ ಮುಖ್ಯ ಶಿಕ್ಷಕರಿಗೆ ಇರಲಿ. ಖಾಸಗಿ ಶಾಲೆಯಾದರೆ ಪ್ರಾಂಶುಪಾಲರಿಗೆ. ಕೊಡುವುದು ಮಾತ್ರ ತರಗತಿ ಶಿಕ್ಷಕರ ಕೈಯಲ್ಲಿ. ಹಾಜರಿ ಪುಸ್ತಕ ಇರುವುದು ಅವರ ಹತ್ತಿರ. ಅವರನ್ನು ಬಿಟ್ಟು ನೇರ ಆಫೀಸಿಗೆ ಕೊಟ್ಟರೆ ಪತ್ರ ಆಫೀಸಿನ ಫೈಲಿನಲ್ಲೇ ಇರುತ್ತದೆ, ತರಗತಿಯಲ್ಲಿ ಮಗುವಿನ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ. ಅದಕ್ಕೇ ಪತ್ರದಲ್ಲಿ "ಮುಖಾಂತರ: ತರಗತಿ ಶಿಕ್ಷಕರು" ಎಂದು ಒಂದು ಸಾಲು ಹಾಕುತ್ತಾರೆ. ಹಳೇ ಪದ್ಧತಿ, ಆದರೆ ಕೆಲಸಕ್ಕೆ ಬರುವ ಪದ್ಧತಿ.

ಸಹಿ ಮಾಡುವವರ ಹೆಸರು ಶಾಲೆಯ ದಾಖಲೆಯಲ್ಲಿ ಪೋಷಕರು ಎಂದು ಇರುವವರದ್ದೇ ಆಗಿರಲಿ. ಮಗುವನ್ನು ಕರೆದುಕೊಂಡು ಹೋಗುವವರು ಸೋದರಮಾವನೋ ಅಜ್ಜನೋ ಆದರೆ ಅದನ್ನೂ ಬರೆಯಿರಿ. ಮಗುವಿನ ಹೆಸರು ಶಾಲೆಯ ದಾಖಲೆಯಲ್ಲಿ, ಅಡ್ಮಿಟ್ ಕಾರ್ಡಿನಲ್ಲಿ, ಪತ್ರದಲ್ಲಿ ಒಂದೇ ರೀತಿ ಇರಬೇಕು. ಮನೆಯಲ್ಲಿ ಕರೆಯುವ ಹೆಸರು ಬೇಡ.

ಪತ್ರ

ನಾನು ಕೊಟ್ಟ ಪತ್ರ ಹೀಗಿತ್ತು. ಹೆಸರು ಮತ್ತು ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಇಂದ,
(ತಾಯಿಯ ಹೆಸರು)
(ಮಗುವಿನ ಹೆಸರು), 5ನೇ ತರಗತಿ, ಇವರ ತಾಯಿ
(ವಿಳಾಸ, ಫೋನ್ ನಂಬರ್)

ಗೆ,
ಮುಖ್ಯ ಶಿಕ್ಷಕರು
(ಶಾಲೆಯ ಹೆಸರು, ಊರು)

ಮುಖಾಂತರ: 5ನೇ ತರಗತಿ ಶಿಕ್ಷಕರು

ದಿನಾಂಕ: 8-1-2026

ಮಾನ್ಯರೇ,

ವಿಷಯ: ಬೆಂಗಳೂರಿನಲ್ಲಿ ಪ್ರವೇಶ ಪರೀಕ್ಷೆ ಬರೆಯಲು 17-1-2026 ಮತ್ತು 19-1-2026ರಂದು ರಜೆ ಕೋರಿ.

ನನ್ನ ಮಗ (ಹೆಸರು) ತಮ್ಮ ಶಾಲೆಯಲ್ಲಿ 5ನೇ ತರಗತಿಯಲ್ಲಿ ಓದುತ್ತಿದ್ದಾನೆ. ಆರನೇ ತರಗತಿಗೆ ಸೈನಿಕ ಶಾಲೆ ಸೇರಲು ಅಖಿಲ ಭಾರತ ಸೈನಿಕ ಶಾಲಾ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ. ಪರೀಕ್ಷೆ 18-1-2026, ಭಾನುವಾರ ಮಧ್ಯಾಹ್ನ 2ರಿಂದ 4.30ರವರೆಗೆ ನಡೆಯುತ್ತದೆ. ಅವನಿಗೆ ಬೆಂಗಳೂರು ಪರೀಕ್ಷಾ ಸ್ಥಳವಾಗಿ ಬಂದಿದೆ.

ಇಲ್ಲಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಸುಮಾರು 8 ಗಂಟೆ ಪ್ರಯಾಣ. ಅವನಿಗೆ ರಾತ್ರಿ ಪ್ರಯಾಣ ಒಗ್ಗುವುದಿಲ್ಲ. ಆದ್ದರಿಂದ 17ರ ಶನಿವಾರ ಬೆಳಗ್ಗೆ ಹೊರಡುತ್ತೇವೆ. ಭಾನುವಾರ ಪರೀಕ್ಷೆ ಮುಗಿಸಿ ರಾತ್ರಿ ಬಸ್ಸಿಗೆ ಹೊರಟು 19ರ ಸೋಮವಾರ ಬೆಳಗ್ಗೆ ಊರು ಸೇರುತ್ತೇವೆ. ಆದ ಕಾರಣ ಶನಿವಾರ ಮತ್ತು ಸೋಮವಾರ ಅವನಿಗೆ ರಜೆ ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ. 20ರ ಮಂಗಳವಾರದಿಂದ ತಪ್ಪದೆ ಶಾಲೆಗೆ ಬರುತ್ತಾನೆ.

ಆ ದಿನಗಳಲ್ಲಿ ಕಿರುಪರೀಕ್ಷೆ ಇದ್ದರೆ ಮುಂಚೆ ಅಥವಾ ಬಂದ ಮೇಲೆ ಬರೆಯಲು ಅವಕಾಶ ಕೊಡಬೇಕಾಗಿ ವಿನಂತಿ. ತಪ್ಪಿದ ಪಾಠಗಳನ್ನು ಮನೆಯಲ್ಲಿ ಬರೆಸುವ ಜವಾಬ್ದಾರಿ ನನ್ನದು.

ಪರೀಕ್ಷೆಯ ಊರು ತಿಳಿಸುವ ಸ್ಲಿಪ್ಪಿನ ನಕಲು ಲಗತ್ತಿಸಿದ್ದೇನೆ. ಅಡ್ಮಿಟ್ ಕಾರ್ಡ್ ಬಂದ ಕೂಡಲೇ ಅದರ ನಕಲನ್ನೂ ತಂದು ಕೊಡುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ
(ಸಹಿ)

ಲಗತ್ತು: ಸಿಟಿ ಸ್ಲಿಪ್ಪಿನ ನಕಲು, 1 ಪುಟ

ಒಂದು ಪುಟದೊಳಗೆ ಮುಗಿಯಿತು. ಇದರಲ್ಲಿ ಕೆಲವು ಮಾತುಗಳನ್ನು ಯಾಕೆ ಹಾಗೆ ಬರೆದೆ ಎಂದು ಹೇಳಬೇಕು.

ವಿಷಯದ ಸಾಲಿನಲ್ಲಿ "ರಜೆ ಕೋರಿ" ಎಂದಷ್ಟೇ ಬರೆದರೆ ಅದು ಆ ದಿನ ಬಂದ ಜ್ವರ, ಮದುವೆ ಪತ್ರಗಳ ನಡುವೆ ಸೇರಿಹೋಗುತ್ತದೆ. ಊರು, ಕಾರಣ, ಎರಡು ತಾರೀಕು ಆ ಸಾಲಿನಲ್ಲೇ ಇದ್ದರೆ ಮುಖ್ಯ ಶಿಕ್ಷಕರು ಅದನ್ನಷ್ಟೇ ಓದಿ ಸಹಿ ಹಾಕಬಹುದು.

ತಾರೀಕುಗಳನ್ನು "17ರಿಂದ 19ರವರೆಗೆ" ಎಂದು ಬರೆಯಲಿಲ್ಲ. ಹಾಗೆ ಬರೆದರೆ ನೋಡಿದವರಿಗೆ ಮೂರು ದಿನದ ರಜೆ ಅನ್ನಿಸುತ್ತದೆ. ನಾನು ಕೇಳುತ್ತಿರುವುದು ಎರಡು ಶಾಲಾ ದಿನ. ವಾರದ ಹೆಸರನ್ನೂ ಜೊತೆಗೆ ಬರೆಯಿರಿ. ತಾರೀಕಿನಲ್ಲಿ ಕೈತಪ್ಪಾದರೆ ವಾರ ನೋಡಿ ಗೊತ್ತಾಗುತ್ತದೆ.

"ರಜೆ" ಎಂದು ಕೇಳಿದೆ, "ಹಾಜರಾತಿ" ಕೇಳಲಿಲ್ಲ. ಇವೆರಡೂ ಬೇರೆ. ರಜೆ ಕೊಡುವುದು ಎಂದರೆ ಮಗು ಬಂದಿಲ್ಲ, ಆದರೆ ಹೇಳಿ ಹೋಗಿದ್ದಾನೆ ಎಂದು ಶಾಲೆ ಒಪ್ಪುವುದು. ಹಾಜರಾತಿ ಹಾಕಿ ಎಂದರೆ ಬರದ ಮಗುವನ್ನು ಬಂದಿದ್ದಾನೆ ಎಂದು ಬರೆಯಿರಿ ಎಂದು ಕೇಳಿದ ಹಾಗೆ. ಶಾಲೆಯ ಪರವಾಗಿ ಆಟೋಟಕ್ಕೆ ಹೋದ ಮಕ್ಕಳ ವಿಷಯ ಬೇರೆ. ಇದು ನಮ್ಮ ಸ್ವಂತ ಪರೀಕ್ಷೆ. ಐದನೇ ತರಗತಿಯಲ್ಲಿ ಎರಡು ದಿನದ ಗೈರಿನಿಂದ ಏನೂ ಆಗುವುದಿಲ್ಲ. ಶಿಕ್ಷಕರನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ಯಾಕೆ? ಹನ್ನೆರಡನೇ ತರಗತಿ ಮಕ್ಕಳು ಜೆಇಇಗೆ ಬೇರೆ ಊರಿಗೆ ಹೋಗುವಾಗ ಮಾತ್ರ ಶೇಕಡ 75 ಹಾಜರಾತಿಯ ಲೆಕ್ಕ ಮುಂಚೆಯೇ ನೋಡಿಕೊಳ್ಳಬೇಕು. ಜೆಇಇ ಮೇನ್ ಹೆಚ್ಚಾಗಿ ವಾರದ ದಿನಗಳಲ್ಲೇ ಬರುತ್ತದೆ. ಪ್ರಾಯೋಗಿಕ ಪರೀಕ್ಷೆಗಳೂ ಅದೇ ಹೊತ್ತಿಗೆ ಇರುತ್ತವೆ. ಪ್ರಾಯೋಗಿಕ ಪರೀಕ್ಷೆಯ ದಿನಕ್ಕೆ ತಾಗಿದರೆ ಬರೀ ರಜೆ ಸಾಲದು, ಬೇರೆ ಬ್ಯಾಚಿನಲ್ಲಿ ಕೂರಿಸಿ ಎಂದು ಪತ್ರದಲ್ಲೇ ಕೇಳಬೇಕು.

ಕಿರುಪರೀಕ್ಷೆಯ ಸಾಲನ್ನು ದಯವಿಟ್ಟು ಬಿಡಬೇಡಿ. ಅದನ್ನು ನಾನು ಕಷ್ಟಪಟ್ಟು ಕಲಿತೆ.

ದೊಡ್ಡ ಮಗಳ ವೇಳೆ ಆದದ್ದು

ಕೆಲವು ವರ್ಷ ಹಿಂದೆ ನನ್ನ ಮಗಳು ಬೇರೆ ಶಾಲೆಯಲ್ಲಿ ಓದುತ್ತಿದ್ದಾಗ ಇದೇ ರೀತಿ ಒಂದು ಪ್ರವೇಶ ಪರೀಕ್ಷೆಗೆ ಹೋಗಬೇಕಾಯಿತು. ಬೇರೆ ಶಾಲೆಗೆ ಸೇರಿಸಲು ಹೊರಟಿದ್ದೇವೆ ಎಂದು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಹೆದರಿಕೆ ನನಗೆ. ಜ್ವರ ಎಂದು ಬರೆದು ಕೊಟ್ಟೆ. ಜೊತೆಗೆ ಏನೂ ಲಗತ್ತಿಸಲಿಲ್ಲ, ಲಗತ್ತಿಸಲು ಏನಿತ್ತು?

ಅವಳು ಶಾಲೆ ತಪ್ಪಿಸಿದ ಸೋಮವಾರವೇ ಗಣಿತದ ಕಿರುಪರೀಕ್ಷೆ ಇತ್ತು. ಮಂಗಳವಾರ ಶಾಲೆಗೆ ಹೋದಾಗ ಗೆಳತಿಯರು ಕೇಳಿದರು, ಇವಳು ಪರೀಕ್ಷೆಗೆ ಹೋಗಿದ್ದೆ ಎಂದಳು. ಮಗು ಸುಳ್ಳು ಹೇಳಲಿಲ್ಲ, ಹೇಳಿದ್ದು ನಾನು. ಶಿಕ್ಷಕರಿಗೆ ವಿಷಯ ಗೊತ್ತಾಯಿತು. ಮರುಪರೀಕ್ಷೆ ಮಾಡಲಿಲ್ಲ, ಆ ಕಾಲಂನಲ್ಲಿ ಸೊನ್ನೆ ಬಿತ್ತು. ಆ ಮೇಲೆ ವರ್ಗಾವಣೆ ಪತ್ರ ಕೇಳಲು ಅದೇ ಆಫೀಸಿಗೆ ಹೋಗಿ ನಿಂತಾಗ ನನಗೆ ತಲೆ ಎತ್ತಲು ಆಗಲಿಲ್ಲ.

ಯೋಚಿಸಿ ನೋಡಿ. ಮಗು ಪಾಸಾಗಿ ಸೀಟು ಸಿಕ್ಕರೆ ಟಿ.ಸಿ. ಕೊಡಬೇಕಾದವರು ಇದೇ ಮುಖ್ಯ ಶಿಕ್ಷಕರು. ಹುಟ್ಟಿದ ತಾರೀಕು, ಹೆಸರಿನ ಕಾಗುಣಿತದಲ್ಲಿ ಏನಾದರೂ ವ್ಯತ್ಯಾಸ ಬಂದರೆ ಸರಿಮಾಡಿಸಲು ಹೋಗಬೇಕಾದದ್ದೂ ಅವರ ಹತ್ತಿರವೇ. ನಿಜವಾದ ಕಾರಣ ಮೊದಲೇ ಬರೆದಿದ್ದರೆ ಈ ಓಡಾಟ ಎಷ್ಟೋ ಸಲೀಸು. ಮಗನ ವೇಳೆ ನಾನು ಹೆದರಿದ್ದಕ್ಕೆ ಅರ್ಥವೇ ಇರಲಿಲ್ಲ ಎಂದು ಗೊತ್ತಾಯಿತು. ಮುಖ್ಯ ಶಿಕ್ಷಕರು ಪತ್ರ ಓದಿ, ಬಿಜಾಪುರ ಸೈನಿಕ ಶಾಲೆಗೋ ಕೊಡಗಿಗೋ ಎಂದು ಕೇಳಿದರು. ಹಳೇ ಪ್ರಶ್ನೆಪತ್ರಿಕೆ ಇದ್ದರೆ ಉಳಿದ ಮಕ್ಕಳಿಗೂ ತೋರಿಸುತ್ತೇನೆ, ತಂದು ಕೊಡಿ ಎಂದರು.

ಸತ್ಯ ಬರೆಯಬೇಕು ಎಂದರೆ ಎಲ್ಲವನ್ನೂ ಬರೆಯಬೇಕು ಎಂದಲ್ಲ. ನಿಮ್ಮ ಶಾಲೆಯಲ್ಲಿ ಇಂಗ್ಲಿಷ್ ಸರಿಯಾಗಿ ಕಲಿಸುವುದಿಲ್ಲ, ಅದಕ್ಕೆ ಬೇರೆ ಕಡೆ ನೋಡುತ್ತಿದ್ದೇವೆ ಎಂಬಂಥ ಮಾತು ರಜೆ ಪತ್ರದಲ್ಲಿ ಬರಬಾರದು. ಕೋಚಿಂಗಿಗೆ ಎಷ್ಟು ಕಟ್ಟಿದೆವು, ಮನೆಯ ಕಷ್ಟ ಏನು ಎನ್ನುವುದೂ ಬೇಡ. ಪರೀಕ್ಷೆಯ ಹೆಸರು, ದಿನ, ಊರು, ಪ್ರಯಾಣ, ಮರಳುವ ದಿನ. ಇಷ್ಟೇ.

ಲಗತ್ತಿಸುವಾಗ ಎಚ್ಚರ

ಅಡ್ಮಿಟ್ ಕಾರ್ಡಿನಲ್ಲಿ ಮಗುವಿನ ಫೋಟೋ, ಅರ್ಜಿ ನಂಬರ್, ಹುಟ್ಟಿದ ತಾರೀಕು ಎಲ್ಲಾ ಇರುತ್ತವೆ. ವೆಬ್‌ಸೈಟಿನಲ್ಲಿ ಮಗುವಿನ ವಿವರ ತೆಗೆಯಲು ಕೇಳುವುದೂ ಇಂಥ ವಿವರಗಳನ್ನೇ. ಅದಕ್ಕೇ ತರಗತಿಯ ವಾಟ್ಸಾಪ್ ಗುಂಪಿಗೆ ಅದರ ಫೋಟೋ ಹಾಕಬೇಡಿ. ಕಾಗದದ ನಕಲನ್ನು ಶಿಕ್ಷಕರ ಕೈಗೆ ಕೊಡಿ. ಫೋನಿನಲ್ಲೇ ಕಳಿಸಿ ಎಂದರೆ ಶಿಕ್ಷಕರ ನಂಬರಿಗೆ ಮಾತ್ರ ಕಳಿಸಿ. ಶಾಲೆಗೆ ಬೇಕಾಗಿರುವುದು ಮಗುವಿನ ಹೆಸರು, ಪರೀಕ್ಷೆಯ ದಿನ, ಊರು ಅಷ್ಟೇ. ಅರ್ಜಿ ನಂಬರಿನ ಮೇಲೆ ಒಂದು ಚೂರು ಕಾಗದ ಇಟ್ಟು ಜೆರಾಕ್ಸ್ ಮಾಡಿಸಿದರೂ ನಡೆಯುತ್ತದೆ.

ಶಾಲೆಗೆ ಮೂಲ ಪ್ರತಿ ಕೊಡಬೇಡಿ. ಕೇಳಲು ಸಣ್ಣ ವಿಷಯ, ಆದರೆ ಕಲರ್ ಪ್ರಿಂಟ್ ತೆಗೆಸಿದ್ದೇ ಒಂದು, ಅದು ಶಾಲೆಯ ಫೈಲಿಗೆ ಹೋಯಿತು ಎಂದು ಶುಕ್ರವಾರ ಸಂಜೆ ಸೈಬರ್ ಸೆಂಟರ್ ಹುಡುಕಿದವರನ್ನು ನೋಡಿದ್ದೇನೆ.

ಪತ್ರವನ್ನು ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಎಂದು ಬರೆಸಿ ಸಹಿ, ತಾರೀಕು ಹಾಕಿಸಿಕೊಳ್ಳಿ. ಶಾಲೆಯ ಮೊಹರು ಬಿದ್ದರೆ ಇನ್ನೂ ಒಳ್ಳೆಯದು. ಕೇಳಲು ಸಂಕೋಚ ಬೇಡ. "ನನ್ನ ಫೈಲಿಗೆ ಒಂದು ಸಹಿ ಹಾಕಿಕೊಡಿ ಮೇಡಂ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಡೈರಿಯಲ್ಲಿ ರಜೆಗೆಂದೇ ಪುಟ ಇರುವ ಶಾಲೆಯಾದರೆ ಅದನ್ನೂ ತುಂಬಿ, "ವಿವರವಾದ ಪತ್ರ ಕೊಟ್ಟಿದೆ" ಎಂದು ಅಲ್ಲಿ ಒಂದು ಸಾಲು ಬರೆಯಿರಿ. ಬರೀ ಡೈರಿಯಲ್ಲಿ ಬರೆದರೆ ಅದು ಮುಖ್ಯ ಶಿಕ್ಷಕರವರೆಗೆ ಹೋಗುವುದಿಲ್ಲ.

ಹಾಸ್ಟೆಲಿನಲ್ಲಿರುವ ಮಗುವಿಗೆ

ಮೊರಾರ್ಜಿ ದೇಸಾಯಿ ವಸತಿ ಶಾಲೆಯಂಥ ಕಡೆ ಎಂಟನೇ ತರಗತಿ ಓದುತ್ತಾ ಒಂಬತ್ತಕ್ಕೆ ಸೈನಿಕ ಶಾಲೆ ಪರೀಕ್ಷೆ ಬರೆಯುವ ಮಕ್ಕಳಿದ್ದಾರೆ. ಅವರ ವಿಷಯದಲ್ಲಿ ರಜೆಗಿಂತ ದೊಡ್ಡ ಪ್ರಶ್ನೆ, ಮಗುವನ್ನು ಯಾರ ಕೈಗೆ ಒಪ್ಪಿಸಿ ಕಳಿಸುವುದು ಎಂಬುದು. ಪತ್ರದಲ್ಲಿ ಇನ್ನೊಂದು ಪ್ಯಾರಾ ಸೇರಿಸಿ. ಯಾವ ದಿನ, ಎಷ್ಟು ಗಂಟೆಗೆ, ಯಾರು ಬಂದು ಕರೆದುಕೊಂಡು ಹೋಗುತ್ತಾರೆ, ಅವರು ಮಗುವಿಗೆ ಏನಾಗಬೇಕು, ಅವರ ಫೋನ್ ನಂಬರ್ ಏನು, ಯಾವಾಗ ವಾಪಸ್ ತಂದು ಬಿಡುತ್ತಾರೆ ಎಂದು ಬರೆಯಿರಿ. ಬರುವವರ ಗುರುತಿನ ಚೀಟಿಯ ನಕಲು ಜೊತೆಗಿರಲಿ. ವಾರ್ಡನ್‌ಗೂ ಒಂದು ಪ್ರತಿ ಕೊಡಿ. ಮುಖ್ಯಸ್ಥರು ಒಪ್ಪಿದ್ದರೂ ವಾರ್ಡನ್‌ಗೆ ಗೊತ್ತಿಲ್ಲದಿದ್ದರೆ ಗೇಟಿನಲ್ಲಿ ನಿಲ್ಲಿಸುತ್ತಾರೆ, ನಿಲ್ಲಿಸಬೇಕು ಕೂಡ.

ಆಗುವುದಿಲ್ಲ ಎಂದರೆ

ಹೀಗೆ ಬರೆದ ಪತ್ರಕ್ಕೆ ಬೇಡ ಎನ್ನುವ ಶಾಲೆ ಕಡಿಮೆ. ಆದರೂ ಎನ್ನಬಹುದು. ಜನವರಿಯಲ್ಲಿ ಶಾಲಾ ವಾರ್ಷಿಕೋತ್ಸವ ಇರುತ್ತದೆ, ನಾಟಕದಲ್ಲಿ ನಿಮ್ಮ ಮಗುವಿಗೆ ಪಾತ್ರ ಇರುತ್ತದೆ. ಕಿರುಪರೀಕ್ಷೆ ಇರುತ್ತದೆ. ಆಗ ವಾದಕ್ಕೆ ನಿಲ್ಲಬೇಡಿ. ಯಾವ ದಿನ ತೊಂದರೆ ಎಂದು ಕೇಳಿ. ಎರಡು ದಿನದಲ್ಲಿ ಒಂದು ದಿನವನ್ನು ಸರಿದೂಗಿಸಲು ಆಗುತ್ತದಾ ನೋಡಿ.

ನಮಗೂ ಒಂದು ಮಾತು ಬಂತು. ಸೋಮವಾರ ಮಧ್ಯಾಹ್ನದ ಮೇಲೆ ಗಣಿತ ಪಾಠ ಇದೆ, ಬೆಳಗ್ಗೆ ಮಲಗಿಸಿ ಊಟ ಆದ ಮೇಲೆ ಕಳಿಸಲು ಆಗುತ್ತದಾ ಎಂದು ಶಿಕ್ಷಕಿ ಕೇಳಿದರು. ಬಸ್ಸು ಸಮಯಕ್ಕೆ ಬಂದು ಅವನಿಗೆ ಹುಷಾರಿದ್ದರೆ ಕಳಿಸುತ್ತೇನೆ, ಖಂಡಿತ ಎಂದು ಹೇಳಲಾರೆ ಎಂದೆ. ಪತ್ರದಲ್ಲಿ ಇಡೀ ದಿನದ ರಜೆಯನ್ನೇ ಉಳಿಸಿಕೊಂಡೆ. ಕೊಟ್ಟ ಮಾತು ತಪ್ಪುವುದಕ್ಕಿಂತ ಇದು ಮೇಲು ಅನ್ನಿಸಿತು.

ಪರೀಕ್ಷೆಯ ದಿನ ಮುಂದೆ ಹೋದರೆ ಹಳೇ ಪತ್ರದಲ್ಲಿ ತಾರೀಕು ತಿದ್ದಿ ಕೊಡಬೇಡಿ. ಹೊಸ ಪತ್ರ ಬರೆಯಿರಿ. ಮೊದಲ ಸಾಲಿನಲ್ಲೇ "8-1-2026ರ ನನ್ನ ಪತ್ರದಲ್ಲಿ ಕೇಳಿದ್ದ ರಜೆ ಈಗ ಬೇಡ" ಎಂದು ಹೇಳಿ, ಆಮೇಲೆ ಹೊಸ ದಿನಗಳನ್ನು ಕೇಳಿ. ಹಾಗೆ ಮಾಡದಿದ್ದರೆ ಎರಡು ಸಲ ರಜೆ ತೆಗೆದುಕೊಂಡ ಹಾಗೆ ಲೆಕ್ಕ ಉಳಿಯುತ್ತದೆ.

ಹೊರಡುವ ಮುಂಚೆ, ಬಂದ ಮೇಲೆ

ಶುಕ್ರವಾರ ಸಂಜೆ ತರಗತಿ ಶಿಕ್ಷಕಿಗೆ ಒಂದು ಚಿಕ್ಕ ಸಂದೇಶ ಕಳಿಸಿದೆ. "ನಮಸ್ಕಾರ ಮೇಡಂ. ಪತ್ರದಲ್ಲಿ ತಿಳಿಸಿದಂತೆ ನಾಳೆ ಮತ್ತು ಸೋಮವಾರ ಮಗ ಶಾಲೆಗೆ ಬರುವುದಿಲ್ಲ. ಮಂಗಳವಾರ ಬರುತ್ತಾನೆ." ಹತ್ತು ದಿನದ ಹಿಂದೆ ಕೊಟ್ಟ ಪತ್ರ ಶನಿವಾರ ಬೆಳಗ್ಗೆ ಹಾಜರಿ ಕೂಗುವಾಗ ನೆನಪಿರುತ್ತದೆ ಎಂದುಕೊಳ್ಳಬಾರದು.

ಸೋಮವಾರ ಬಸ್ಸು ಒಂದೂವರೆ ಗಂಟೆ ತಡವಾಗಿ ಬಂತು. ಮಗ ಬಂದವನೇ ಮಲಗಿ ಮಧ್ಯಾಹ್ನ ಎದ್ದ. ಆ ದಿನ ಕಳಿಸಲಿಲ್ಲ. ಮಂಗಳವಾರ ಅವನ ಜೊತೆ ನಾನೂ ಹೋಗಿ ಹಾಜರಿ ಪುಸ್ತಕದಲ್ಲಿ ಆ ಎರಡು ದಿನ ರಜೆ ಎಂದು ನಮೂದಾಗಿದೆಯಾ ಎಂದು ಕೇಳಿದೆ. ಶನಿವಾರಕ್ಕೆ ಆಗಿತ್ತು. ಸೋಮವಾರ ಬೇರೆ ಶಿಕ್ಷಕರು ಹಾಜರಿ ತೆಗೆದುಕೊಂಡಿದ್ದರಂತೆ, ಗೈರು ಎಂದು ಬಿದ್ದಿತ್ತು. ಸ್ವೀಕೃತಿ ಪಡೆದ ಪ್ರತಿ ತೋರಿಸಿದೆ, ಅಲ್ಲೇ ಸರಿಮಾಡಿದರು. ತಿಂಗಳ ಕೊನೆಗೆ ಲೆಕ್ಕ ಕಟ್ಟಿ ಮುಗಿಸಿದ ಮೇಲೆ ಹೋಗಿದ್ದರೆ ತಿದ್ದುವುದು ಅವರಿಗೂ ಕಷ್ಟ.

ಸೋಮವಾರದ ಗಣಿತದ ಲೆಕ್ಕಗಳನ್ನು ಪಕ್ಕದ ಮನೆ ಹುಡುಗನ ನೋಟ್ಸ್ ನೋಡಿ ಬರೆದ. ತಪ್ಪಿದ ಕಿರುಪರೀಕ್ಷೆಯನ್ನು ಶಿಕ್ಷಕಿ ಬುಧವಾರ ಊಟದ ಬಿಡುವಿನಲ್ಲಿ ಕೂರಿಸಿ ಬರೆಸಿದರು. ಮೊಹರು ಇರುವ ಪತ್ರದ ಪ್ರತಿಯನ್ನು ಅವನ ಜನನ ಪ್ರಮಾಣಪತ್ರ ಇರುವ ಫೈಲಿನಲ್ಲೇ ಇಟ್ಟಿದ್ದೇನೆ.